ಟ್ಯಾಂಕಿನ ಅಂಚಿನಡಿಯ ಮಣ್ಣು

1974ರ ಡಿಸೆಂಬರ್ 18ರ ರಾತ್ರಿ ಜಪಾನಿನ ಮಿಜುಶಿಮಾದಲ್ಲಿ ಒಂದು ಎಣ್ಣೆ ಟ್ಯಾಂಕಿನ ತಳ ಬಿರಿಯಿತು. ಒಕಾಯಾಮಾ ಪ್ರಾಂತ್ಯದ ಕುರಾಶಿಕಿ ನಗರಕ್ಕೆ ಸೇರಿದ ಈ ಕೈಗಾರಿಕಾ ಪ್ರದೇಶ ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ನೆಲ. ಅಲ್ಲಿ ಮಿತ್ಸುಬಿಶಿ ಆಯಿಲ್ ಕಂಪನಿಯ ಸಂಸ್ಕರಣಾಗಾರವಿತ್ತು. ಟ್ಯಾಂಕಿನ ವ್ಯಾಸ 52 ಮೀಟರಿಗೂ ಹೆಚ್ಚು, ಎತ್ತರ ಸುಮಾರು 24 ಮೀಟರ್. ಕಟ್ಟಿ ಬಹಳ ಕಾಲವೂ ಆಗಿರಲಿಲ್ಲ. ಕವಚ ಮತ್ತು ತಳದ ಫಲಕಗಳು ಕೂಡುವ ಮೂಲೆಯ ಬಳಿ ಬಿರುಕು ಬಿಟ್ಟ ಕೂಡಲೇ ಭಾರೀ ಒತ್ತಡದಲ್ಲಿದ್ದ ಉರುವಲೆಣ್ಣೆ ಹೊರಗೆ ನುಗ್ಗಿತು. ಆ ರಭಸಕ್ಕೆ ಟ್ಯಾಂಕಿನ ಪಕ್ಕದಲ್ಲಿ ನಿಂತಿದ್ದ ಮೆಟ್ಟಿಲಿನ ಕಟ್ಟಡವೇ ಕಿತ್ತುಹೋಗಿ, ಸೋರಿದ್ದನ್ನು ತಡೆಯಲೆಂದು ಸುತ್ತ ಕಟ್ಟಿದ್ದ ಒಡ್ಡನ್ನು ಒಡೆಯಿತು. ಸೋರಿದ ಎಣ್ಣೆ ಸುಮಾರು 43,000 ಕಿಲೋಲೀಟರ್. ಅದರಲ್ಲಿ 7,500 ಕಿಲೋಲೀಟರಿಗೂ ಹೆಚ್ಚು ಸೆಟೊ ಒಳನಾಡು ಸಮುದ್ರವನ್ನು ಸೇರಿತು. ಮೀನುಗಾರರ ಬದುಕು ನೆಲಕಚ್ಚಿತು.

ತನಿಖೆ ನಡೆಸಿದವರ ಗಮನ ಕೊನೆಗೆ ನಿಂತದ್ದು ಆ ಮೆಟ್ಟಿಲಿನ ಬುಡದಲ್ಲಿ. ಟ್ಯಾಂಕ್ ಎದ್ದು ನಿಂತ ಮೇಲೆ ಮೆಟ್ಟಿಲಿಗೆ ಪ್ರತ್ಯೇಕ ಪಾಯ ಹಾಕಲು ಟ್ಯಾಂಕಿನ ಅಂಚಿಗೆ ತಾಗಿದಂತೆ ಗುಂಡಿ ತೋಡಿದ್ದರು. ಕೆಲಸ ಮುಗಿದ ಮೇಲೆ ಗುಂಡಿಯನ್ನು ಮುಚ್ಚಿದರೂ ತುಂಬಿದ ಮಣ್ಣನ್ನು ಮೊದಲಿನಷ್ಟು ಗಟ್ಟಿಯಾಗಿ ದಮ್ಮಸ್ಸು ಮಾಡಿರಲಿಲ್ಲ. ಇಡೀ ಟ್ಯಾಂಕಿನ ಅಡಿ ಗಟ್ಟಿಯಾಗಿದ್ದು, ಅಂಚಿನ ಆ ಒಂದು ತುಂಡು ಮಾತ್ರ ಸಡಿಲವಾಗಿ ಉಳಿಯಿತು. ಎಣ್ಣೆಯ ಭಾರಕ್ಕೆ ಆ ಜಾಗ ಕುಸಿದಾಗ ಮೇಲಿದ್ದ ಉಕ್ಕಿನ ಫಲಕ ಆಸರೆಯಿಲ್ಲದೆ ಬಾಗಿ ಬೆಸುಗೆಯ ಬಳಿ ಬಿರಿಯಿತು.

ಇಂಥ ಟ್ಯಾಂಕುಗಳ ಪಾಯ ನಮ್ಮ ಮನೆಗಳ ಪಾಯಕ್ಕಿಂತ ಹೇಗೆ ಬೇರೆ ಎಂಬುದು ಈ ಘಟನೆಯಲ್ಲೇ ಅಡಗಿದೆ. ಮನೆಯಲ್ಲಿ ಭಾರವೆಲ್ಲ ಗೋಡೆ, ಕಂಬಗಳ ಮೂಲಕ ಇಳಿಯುತ್ತದೆ. ಅವುಗಳ ಕೆಳಗೆ ಪಾಯ ಗಟ್ಟಿಯಿದ್ದರೆ ಸಾಕು. ಟ್ಯಾಂಕಿನಲ್ಲಿ ಹಾಗಲ್ಲ. ಅದರ ಕವಚ ಕೆಲವೇ ಸೆಂಟಿಮೀಟರ್ ದಪ್ಪದ ಉಕ್ಕು. ತಳವಂತೂ ಇನ್ನೂ ತೆಳುವು, ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್. ಒಳಗಿನ ದ್ರವದ ಭಾರ ಈ ತೆಳು ತಳದ ಮೂಲಕ ನೇರವಾಗಿ ನೆಲದ ಮೇಲೆ ಕೂರುತ್ತದೆ. ಹೀಗಾಗಿ ಟ್ಯಾಂಕಿನ ನಿಜವಾದ ಪಾಯ ಅದರ ಅಡಿಯ ಮಣ್ಣೇ.

ಲೆಕ್ಕ ಹಿಡಿಯಲು ಅನುಕೂಲವಾಗುವ ಒಂದು ಟ್ಯಾಂಕನ್ನು ಊಹಿಸಿಕೊಳ್ಳೋಣ. ವ್ಯಾಸ 60 ಮೀಟರ್, ಒಳಗೆ 15 ಮೀಟರ್ ಎತ್ತರಕ್ಕೆ ನೀರು. ನೀರಿನ ತೂಕವೇ ಸುಮಾರು 42,400 ಟನ್ ಆಗುತ್ತದೆ. ಅಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ 15 ಟನ್. ಸಮುದ್ರದಂಚಿನ ಮೆತ್ತನೆಯ ಜೇಡಿಗೆ ಇದು ಸಣ್ಣ ಹೊರೆಯಲ್ಲ. ಜೊತೆಗೆ ಟ್ಯಾಂಕಿನ ಅಗಲವೇ ಒಂದು ತೊಡಕು. ಚಿಕ್ಕ ಪಾಯದ ಒತ್ತಡ ಒಂದೆರಡು ಮೀಟರ್ ಆಳದಲ್ಲೇ ಹರಡಿ ಕರಗಿಹೋಗುತ್ತದೆ. 60 ಮೀಟರ್ ಅಗಲದ ಹೊರೆಯಾದರೆ ನಡುವಿನಿಂದ 30 ಮೀಟರ್ ಆಳಕ್ಕೆ ಇಳಿದರೂ ಮೇಲಿನ ಒತ್ತಡದ ಮೂರನೇ ಎರಡು ಭಾಗದಷ್ಟು ಉಳಿದೇ ಇರುತ್ತದೆ. ಮೇಲಿನ ಎರಡು ಮೀಟರ್ ಕೆಸರು ತೆಗೆದು ಗಟ್ಟಿ ಮಣ್ಣು ತುಂಬಿದರೆ ಮೇಲ್ಪದರದ ತೊಂದರೆ ಮಾತ್ರ ನೀಗುತ್ತದೆ. ಆಳದ ಜೇಡಿ ಹಾಗೆಯೇ ಉಳಿದು ಹೊರೆಯಡಿ ಹಿಂಡಿಕೊಳ್ಳುತ್ತಲೇ ಇರುತ್ತದೆ.

ಈ ಟ್ಯಾಂಕಿನ ಅಂಚಿನ ಸುತ್ತ ನೆಲದಲ್ಲಿ ಕಾಂಕ್ರೀಟಿನ ಒಂದು ವೃತ್ತಾಕಾರದ ಗೋಡೆ ಇರುತ್ತದೆ. ಅದೇ ರಿಂಗ್ ವಾಲ್. ಕವಚ ಸರಿಯಾಗಿ ಅದರ ಮೇಲೆ ಕೂರುತ್ತದೆ. ಇದನ್ನು ನೋಡಿದವರು ಇಡೀ ಟ್ಯಾಂಕನ್ನು ಈ ಗೋಡೆಯೇ ಹೊತ್ತಿದೆ ಎಂದುಕೊಳ್ಳುವುದು ಸಹಜ. ಆದರೆ 42,000 ಟನ್ನಿನಲ್ಲಿ ಗೋಡೆಯ ಪಾಲಿಗೆ ಬರುವುದು ಅತಿ ಕಡಿಮೆ. ಕವಚದ ತೂಕ ಸುತ್ತಳತೆಯ ಪ್ರತಿ ಮೀಟರಿಗೆ ಸುಮಾರು ಎರಡು ಟನ್. ಅದಕ್ಕೆ ಗೋಡೆಯ ಒಳಭಾಗದ ಮೇಲೆ ನಿಂತ ನೀರಿನ ಭಾರ ಸೇರುತ್ತದೆ, ಅಷ್ಟೇ.

ಗೋಡೆಗೆ ಬೇರೆ ಮೂರು ಕೆಲಸಗಳಿವೆ. ಕವಚ ಕೂರಲು ಸಮಮಟ್ಟದ ಹಾಸು ಒದಗಿಸುವುದು ಮೊದಲನೆಯದು. ಅಮೆರಿಕದ ಎಪಿಐ 650 ಸಂಹಿತೆ ಟ್ಯಾಂಕ್ ಕಟ್ಟುವವರಿಗೆ ಜಗತ್ತಿನಾದ್ಯಂತ ಆಧಾರ. ಅದರ ಪ್ರಕಾರ ಗೋಡೆಯ ನೆತ್ತಿಯಲ್ಲಿ 9 ಮೀಟರ್ ಉದ್ದಕ್ಕೆ 3 ಮಿಲಿಮೀಟರಿಗಿಂತ, ಇಡೀ ಸುತ್ತಿನಲ್ಲಿ ಸರಾಸರಿ ಮಟ್ಟದಿಂದ 6 ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಇರಬಾರದು. ಕಾಂಕ್ರೀಟ್ ಕೆಲಸದಲ್ಲಿ ಇಷ್ಟು ಬಿಗಿಯಾದ ಅಳತೆ ಕೇಳುವುದು ಅಪರೂಪ. ಅಂಚಿನ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಕಾಯುವುದು ಎರಡನೆಯ ಕೆಲಸ. ಮೂರನೆಯದು ಮುಖ್ಯವಾದದ್ದು. ನೀರಿನ ಭಾರ ಒಳಗಿನ ಮಣ್ಣನ್ನು ಕೆಳಕ್ಕೆ ಒತ್ತಿದಾಗ ಆ ಮಣ್ಣು ಪಕ್ಕಕ್ಕೆ ಜಾರಲು ನೋಡುತ್ತದೆ. ಎತ್ತಿನ ಬಂಡಿಯ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟಿ ಮರದ ತುಂಡುಗಳನ್ನು ಬಿಗಿಹಿಡಿದಂತೆ ಗೋಡೆ ಆ ಮಣ್ಣನ್ನು ಸುತ್ತಲಿಂದ ಬಿಗಿಹಿಡಿಯುತ್ತದೆ.

ಬಿಗಿಹಿಡಿಯುವ ಈ ಬಲ ಎಷ್ಟೆಂದು ನೋಡಿದರೆ ಅಚ್ಚರಿಯಾಗುತ್ತದೆ. ನಮ್ಮ ಟ್ಯಾಂಕಿನ ಗೋಡೆ ಒಂದೂವರೆ ಮೀಟರ್ ಆಳದ್ದು ಎಂದಿಟ್ಟುಕೊಳ್ಳೋಣ. ಮೇಲಿನ ಒತ್ತಡದ ಅರ್ಧದಷ್ಟು ಪಕ್ಕಕ್ಕೆ ತಿರುಗುತ್ತದೆ ಎಂಬುದು ವಿನ್ಯಾಸಕಾರರು ಬಳಸುವ ಲೆಕ್ಕ. ಹಾಗೆ ನೋಡಿದರೆ ಗೋಡೆಯನ್ನು ಉದ್ದಕ್ಕೆ ಎಳೆದು ಹರಿಯಲು ನೋಡುವ ಬಲ ಸುಮಾರು 370 ಟನ್. ಕಾಂಕ್ರೀಟು ಎಳೆತಕ್ಕೆ ಕೆಲಸಕ್ಕೆ ಬಾರದು. ಎಲ್ಲವನ್ನೂ ಸರಳುಗಳೇ ತಾಳಬೇಕು. 25 ಮಿಲಿಮೀಟರ್ ದಪ್ಪದ ಸರಳುಗಳಾದರೆ ಗೋಡೆಯ ಅಡ್ಡಕೊಯ್ತದಲ್ಲಿ ಮೂವತ್ತಕ್ಕೂ ಹೆಚ್ಚು ಬೇಕಾಗುತ್ತವೆ. ಉಂಗುರಕ್ಕೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲವಾದ್ದರಿಂದ ಸರಳುಗಳ ಜೋಡಣೆಗಳೆಲ್ಲ ಒಂದೇ ಜಾಗದಲ್ಲಿ ಬಾರದಂತೆ ಹಂಚಬೇಕು. ಕೆಲಸದ ಅವಸರದಲ್ಲಿ ಮೇಸ್ತ್ರಿಗಳು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಗೋಡೆಯ ಅಗಲದ ಲೆಕ್ಕ ಇನ್ನೂ ಸೂಕ್ಷ್ಮ. ಅಗಲ ಹೆಚ್ಚಿದಷ್ಟೂ ಒಳ್ಳೆಯದು ಎಂದು ಅನಿಸಬಹುದು. ಆದರೆ ಗೋಡೆ ತೀರಾ ಗಟ್ಟಿಯಾಗಿ ನಿಂತು ಒಳಗಿನ ಮಣ್ಣು ಮಾತ್ರ ಇಳಿದರೆ ತಳದ ಫಲಕ ಗೋಡೆಯ ಒಳಂಚಿನಲ್ಲಿ ಮಡಚಿಕೊಳ್ಳುತ್ತದೆ. ಗೋಡೆಯೇ ಹೆಚ್ಚು ಇಳಿದರೆ ಕವಚ ಮೂಲೆಯನ್ನು ಕೆಳಕ್ಕೆ ಜಗ್ಗುತ್ತದೆ. ಆದ್ದರಿಂದ ಗೋಡೆಯಡಿಯ ಒತ್ತಡವೂ ಪಕ್ಕದ ಮಣ್ಣಿನಲ್ಲಿ ಅದೇ ಆಳದಲ್ಲಿರುವ ಒತ್ತಡವೂ ಒಂದೇ ಆಗುವಂತೆ ಅಗಲವನ್ನು ಆರಿಸುತ್ತಾರೆ. ಎರಡೂ ಒಟ್ಟಿಗೆ, ಒಂದೇ ಹದದಲ್ಲಿ ಇಳಿಯಲಿ ಎಂಬುದು ಆಶಯ. ನಮ್ಮ ಉದಾಹರಣೆಯಲ್ಲಿ ಆ ಅಗಲ ಸುಮಾರು 30 ಸೆಂಟಿಮೀಟರ್ ಬರುತ್ತದೆ. ಸಂಹಿತೆ ಹೇಳುವ ಕನಿಷ್ಠ ಅಗಲವೂ ಅಷ್ಟೇ. ಇಷ್ಟು ಸರಳುಗಳನ್ನು ಹಿಡಿಸಲು ಸ್ವಲ್ಪ ಹೆಚ್ಚೇ ಇಡಬೇಕಾದೀತು.

ಅಂಚು ಏಕೆ ಇಷ್ಟು ನಾಜೂಕು? ತಳದ ನಡುಭಾಗದ ಫಲಕಗಳು ಹಾಸಿದ ಚಾಪೆಯ ಹಾಗೆ ಮಣ್ಣಿನ ಮೇಲೆ ಮಲಗಿವೆ. ನೆಲ ನಿಧಾನವಾಗಿ ತಗ್ಗಿದರೆ ಅವೂ ತಗ್ಗುತ್ತವೆ. ಜೇಡಿಯ ಮೇಲೆ ನಿಂತ ಟ್ಯಾಂಕಿನ ನಡುಭಾಗ ಅಂಚಿಗಿಂತ ಹೆಚ್ಚು ಇಳಿಯುವುದು ನಿರೀಕ್ಷಿತವೇ. ಅದಕ್ಕೆಂದೇ ತಳವನ್ನು ಕಟ್ಟುವಾಗಲೇ ನಡುವೆ ಎತ್ತರವಿಟ್ಟು ಅಂಚಿನತ್ತ ಇಳಿಜಾರು ಮಾಡುತ್ತಾರೆ. 120 ಮೀಟರಿಗೆ ಒಂದು ಮೀಟರ್ ಇಳಿಜಾರೆಂದರೆ 60 ಮೀಟರ್ ವ್ಯಾಸದ ಟ್ಯಾಂಕಿನ ನಡುಭಾಗ ಅಂಚಿಗಿಂತ 25 ಸೆಂಟಿಮೀಟರ್ ಎತ್ತರ. ಮೆತ್ತನೆಯ ನೆಲದಲ್ಲಿ ಇನ್ನೂ ಹೆಚ್ಚು ಇಡುವುದುಂಟು. ಅಷ್ಟು ಇಳಿದರೂ ತಳ ಸಪಾಟಾಗುತ್ತದೆಯೇ ಹೊರತು ಹರಿಯುವುದಿಲ್ಲ.

ಅಂಚಿನಲ್ಲಿ ಮಾತ್ರ ಫಲಕಕ್ಕೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಅದು ನೇರ ನಿಂತ ಕವಚಕ್ಕೆ ಬೆಸೆದುಕೊಂಡಿದೆ. ಟ್ಯಾಂಕ್ ತುಂಬಿದಾಗ ಕವಚ ಹೊರಕ್ಕೆ ಉಬ್ಬಲು ನೋಡುತ್ತದೆ, ತಳ ಅದನ್ನು ಹಿಡಿದೆಳೆಯುತ್ತದೆ. ಇಡೀ ಟ್ಯಾಂಕಿನಲ್ಲಿ ಉಕ್ಕು ಅತಿ ಹೆಚ್ಚು ದಣಿಯುವ ಜಾಗ ಈ ಮೂಲೆ. ದೊಡ್ಡ ಟ್ಯಾಂಕುಗಳಲ್ಲಿ ಇಲ್ಲಿ ಆನ್ಯುಲರ್ ಪ್ಲೇಟ್ ಎಂಬ ದಪ್ಪ ಫಲಕಗಳ ಪಟ್ಟಿಯನ್ನು ಸುತ್ತಲೂ ಹಾಕುವುದು ಇದೇ ಕಾರಣಕ್ಕೆ. ಈ ಮೂಲೆಯ ಅಡಿಯ ಮಣ್ಣು ಜಾರಿದರೆ ಮೊದಲೇ ದಣಿದ ಉಕ್ಕಿಗೆ ಬಾಗುವ ಹೊರೆಯೂ ಸೇರುತ್ತದೆ. ಇದನ್ನೇ ಎಂಜಿನಿಯರುಗಳು ಎಡ್ಜ್ ಸೆಟಲ್‌ಮೆಂಟ್, ಅಂದರೆ ಅಂಚಿನ ಕುಸಿತ ಎನ್ನುತ್ತಾರೆ.

ಎಷ್ಟು ಇಳಿದಿದೆ ಎಂಬುದರ ಜೊತೆಗೆ ಎಷ್ಟು ದೂರದಲ್ಲಿ ಇಳಿದಿದೆ ಎಂಬುದನ್ನೂ ಇಲ್ಲಿ ಕೇಳಲೇಬೇಕು. ತಳ 6 ಮೀಟರ್ ದೂರದಲ್ಲಿ 60 ಮಿಲಿಮೀಟರ್ ಇಳಿದಿದ್ದರೆ ಅದು ಹೆದರುವಂಥದ್ದಲ್ಲ. ಅದೇ 60 ಮಿಲಿಮೀಟರ್ ಕವಚದ ಪಕ್ಕದ 60 ಸೆಂಟಿಮೀಟರಿನೊಳಗೇ ಇಳಿದಿದ್ದರೆ ಫಲಕ ಮಡಚಿದೆ ಎಂದೇ ಅರ್ಥ. ಟ್ಯಾಂಕ್ ಖಾಲಿಯಾಗಿದ್ದಾಗ ಪರೀಕ್ಷಕರು ಒಳಗೆ ಹೋಗಿ ತಳದ ಮೇಲೆ ನೇರ ಪಟ್ಟಿಯೊಂದನ್ನು ಕವಚದತ್ತ ಚಾಚಿ, ಅದರ ಕೆಳಗಿನ ಸಂದನ್ನು ಅಳೆಯುವುದು ಇದನ್ನು ತಿಳಿಯಲೆಂದೇ. ಹೊರಗಿನಿಂದಲೂ ಸುಳಿವುಗಳು ಸಿಗುತ್ತವೆ. ಮಳೆ ನಿಂತ ಮೇಲೂ ಕವಚದ ಬುಡದಲ್ಲಿ ಒಂದೇ ಕಡೆ ನೀರು ನಿಲ್ಲುವುದು, ತಳದ ಫಲಕದ ಹೊರಚಾಚು ಮಣ್ಣಿನಲ್ಲಿ ಹೂತುಹೋಗುವುದು, ಗೋಡೆಗೂ ಫಲಕಕ್ಕೂ ನಡುವೆ ಬೆಳಕು ಕಾಣುವಷ್ಟು ಸಂದು ಬೀಳುವುದು ಇವೆಲ್ಲ ಅಂಚಿನ ಆಸರೆ ಕೆಟ್ಟಿರುವ ಗುರುತುಗಳು.

ಮಣ್ಣು ನಿಧಾನವಾಗಿ ಹಿಂಡಿಕೊಂಡು ಇಳಿಯುವುದು ಒಂದು ಬಗೆ. ಹೊರೆ ತಾಳಲಾರದೆ ಒಮ್ಮೆಲೇ ಪಕ್ಕಕ್ಕೆ ಜಾರುವುದು ಇನ್ನೊಂದು. ನಾರ್ವೆಯ ಫ್ರೆಡ್ರಿಕ್‌ಸ್ಟಾಡ್‌ನಲ್ಲಿ 1952ರಲ್ಲಿ ಮೆತ್ತನೆ ಜೇಡಿಯ ಮೇಲಿದ್ದ ಎಣ್ಣೆ ಟ್ಯಾಂಕೊಂದಕ್ಕೆ ಆದದ್ದು ಎರಡನೆಯದು. ಮಣ್ಣಿನ ವಿಜ್ಞಾನದಲ್ಲಿ ದೊಡ್ಡ ಹೆಸರಾದ ಲೌರಿಟ್ಸ್ ಬ್ಯೆರ್ರುಮ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ ಈ ವೈಫಲ್ಯವನ್ನು ವಿಶ್ಲೇಷಿಸಿ 1957ರಲ್ಲಿ ಪ್ರಕಟಿಸಿದರು. ಇಡೀ ಟ್ಯಾಂಕ್ ಒಂದೇ ತುಂಡಾಗಿ ಕುಸಿಯುತ್ತದೆಯೇ ಎಂದು ಲೆಕ್ಕ ಹಾಕಿದರೆ ನೆಲ ಸಾಕಷ್ಟು ಗಟ್ಟಿಯೆಂದೇ ಉತ್ತರ ಬರುತ್ತಿತ್ತು. ಆದರೆ ಅಂಚಿನ ಒಂದು ಭಾಗದಡಿಯಲ್ಲಿ ಮಾತ್ರ ಮಣ್ಣು ಜಾರುವ ಸಾಧ್ಯತೆಯನ್ನು ನೋಡಿದಾಗ ಸುರಕ್ಷತೆಯ ಅಂತರ ಬಹುತೇಕ ಉಳಿದೇ ಇರಲಿಲ್ಲ. ಟ್ಯಾಂಕಿನ ತಳ ತೆಳುವಾಗಿ ಬಾಗುವಂಥದ್ದಾದ್ದರಿಂದ ದುರ್ಬಲ ಮೂಲೆಯ ಭಾರವನ್ನು ಬೇರೆ ಕಡೆಗೆ ಹಂಚಲಾರದು. ಅಂಚಿನ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಲೇಬೇಕು ಎಂಬ ಪಾಠ ಅಲ್ಲಿಂದ ಪಠ್ಯಪುಸ್ತಕಗಳಿಗೆ ಬಂತು.

ಇನ್ನು ನೀರು ತುಂಬುವ ಪರೀಕ್ಷೆ. ಹೊಸ ಟ್ಯಾಂಕಿಗೆ ಎಣ್ಣೆ ಬಿಡುವ ಮೊದಲು ಮೇಲಿನವರೆಗೆ ನೀರು ತುಂಬಿ ನಿಲ್ಲಿಸುತ್ತಾರೆ. ಬೆಸುಗೆ ಸೋರುತ್ತದೆಯೇ ಎಂದು ನೋಡಲು ಇದನ್ನು ಮಾಡುತ್ತಾರೆಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಕಚ್ಚಾ ಎಣ್ಣೆ ನೀರಿಗಿಂತ ಹತ್ತು, ಹದಿನೈದು ಶೇಕಡಾ ಹಗುರ. ಹೀಗಾಗಿ ಈ ನೆಲ ತನ್ನ ಆಯುಷ್ಯದಲ್ಲಿ ಹೊರಬೇಕಾದ ಅತಿ ದೊಡ್ಡ ಹೊರೆ ಬಹುಮಟ್ಟಿಗೆ ಪರೀಕ್ಷೆಯ ನೀರೇ. ಮೆತ್ತನೆಯ ನೆಲದಲ್ಲಿ ಈ ನೀರು ಪರೀಕ್ಷೆಯನ್ನೂ ಮಾಡುತ್ತದೆ, ನೆಲವನ್ನು ಗಟ್ಟಿಯೂ ಮಾಡುತ್ತದೆ.

ಅದು ಹೇಗೆಂದರೆ, ಮೆತ್ತನೆ ಜೇಡಿಯ ಕಣಗಳ ನಡುವೆ ನೀರು ತುಂಬಿದೆ. ಮೇಲೆ ಹೊರೆ ಬಿದ್ದಾಗ ಮೊದಲು ಆ ನೀರೇ ಒತ್ತಡವನ್ನು ಹೊರುತ್ತದೆ, ಜೇಡಿಯ ಬಲ ಹೆಚ್ಚುವುದಿಲ್ಲ. ನೀರು ಹಿಂಡಿಹೋದಂತೆಲ್ಲ ಕಣಗಳು ಹತ್ತಿರ ಬಂದು ಹೊರೆ ಹೊರಲು ಕಲಿಯುತ್ತವೆ. ನಮ್ಮ ಟ್ಯಾಂಕಿನಡಿಯ ಜೇಡಿಯ ಬಲ ಚದರ ಮೀಟರಿಗೆ 2 ಟನ್ ಎಂದುಕೊಳ್ಳಿ. ಅದರ ಸುಮಾರು ಆರು ಪಟ್ಟು, ಅಂದರೆ 12 ಟನ್ ಒತ್ತಡಕ್ಕೆ ನೆಲ ಜಾರುತ್ತದೆ. ಟ್ಯಾಂಕ್ ತುಂಬಿದರೆ 15 ಟನ್. ಒಂದೇ ಸಲ ತುಂಬಿದರೆ ಫ್ರೆಡ್ರಿಕ್‌ಸ್ಟಾಡ್‌ನ ಗತಿ. ಅದರ ಬದಲು ಏಳೂವರೆ ಮೀಟರಿಗೆ ನಿಲ್ಲಿಸಿ ಜೇಡಿ ಹಿಂಡಿಕೊಳ್ಳಲು ಬಿಟ್ಟರೆ, ಸೇರಿದ ಒತ್ತಡದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜೇಡಿಯ ಬಲಕ್ಕೆ ಕೂಡುತ್ತದೆ. 2 ಟನ್ ಇದ್ದದ್ದು ಮೂರೂವರೆ ದಾಟುತ್ತದೆ. ಆರು ಪಟ್ಟು ಮಾಡಿದರೆ 21 ಟನ್ನಿಗೂ ಹೆಚ್ಚು. ಈಗ 15 ಟನ್ ಹೊರಿಸಲು ಧೈರ್ಯ ಬರುತ್ತದೆ. ಅಂಚಿನಡಿ ಒತ್ತಡ ನಡುವಿಗಿಂತ ಕಡಿಮೆಯಾದ್ದರಿಂದ ಅಲ್ಲಿನ ಜೇಡಿ ಇಷ್ಟು ಬಲ ಗಳಿಸುವುದಿಲ್ಲ ಎಂಬ ಎಚ್ಚರ ಜೊತೆಗಿರಬೇಕು.

ಅಡ್ಡಿಯಾಗುವುದು ಕಾಲ. ಹತ್ತು ಮೀಟರ್ ದಪ್ಪದ ಜೇಡಿ, ಮೇಲೂ ಕೆಳಗೂ ಮರಳಿನ ಪದರವಿದ್ದರೂ, ನೀರನ್ನು ಹೊರಬಿಡಲು ಇಪ್ಪತ್ತು ವರ್ಷ ತೆಗೆದುಕೊಂಡೀತು. ಅಷ್ಟು ಕಾಯುವವರಾರು? ಅದಕ್ಕಾಗಿ ಟ್ಯಾಂಕ್ ಕಟ್ಟುವ ಮೊದಲೇ ಒಂದು, ಒಂದೂವರೆ ಮೀಟರಿಗೊಂದರಂತೆ ಜೇಡಿಯೊಳಗೆ ನೀರು ಹೀರುವ ಪಟ್ಟಿಗಳನ್ನು, ಇಲ್ಲವೇ ಮರಳಿನ ಕಂಬಗಳನ್ನು ಇಳಿಸುತ್ತಾರೆ. ಜೇಡಿಯಿಂದ ಹೊರಡುವ ನೀರು ಮೀಟರುಗಟ್ಟಲೆ ಮೇಲೇರುವ ಬದಲು ಪಕ್ಕದ ಪಟ್ಟಿಯನ್ನು ಸೇರಿಕೊಳ್ಳುತ್ತದೆ. ವರ್ಷಗಳ ಕೆಲಸ ತಿಂಗಳುಗಳಿಗೆ ಇಳಿಯುತ್ತದೆ. ಕಾಂಡ್ಲಾ, ಹಲ್ದಿಯಾದಂಥ ಬಂದರುಗಳ ಜೇಡಿ ನೆಲದಲ್ಲಿ ಕಟ್ಟುವವರಿಗೆ ಇದು ಬಿಡಿಸಲೇಬೇಕಾದ ಲೆಕ್ಕ. ಮಂಗಳೂರಿನ ಸಂಸ್ಕರಣಾಗಾರ ನಿಂತಿರುವ ಕೆಂಪು ಮುರಕಲ್ಲಿನ ದಿಣ್ಣೆಗಳ ಲೆಕ್ಕವೇ ಬೇರೆ.

ನೀರು ತುಂಬುವಾಗ ಕವಚದ ಬುಡದ ಸುತ್ತ ಗುರುತಿಟ್ಟ ಬಿಂದುಗಳ ಮಟ್ಟವನ್ನು ಅಳೆಯುತ್ತಾರೆ. ಬಿಂದುಗಳ ನಡುವೆ ಹತ್ತು ಮೀಟರಿಗಿಂತ ಹೆಚ್ಚು ಅಂತರವಿರಬಾರದು. ನಮ್ಮ ಟ್ಯಾಂಕಿಗಾದರೆ ಇಪ್ಪತ್ತು ಬಿಂದುಗಳು ಸಾಕು. ಖಾಲಿಯಿದ್ದಾಗ, ಕಾಲು ತುಂಬಿದಾಗ, ಅರ್ಧಕ್ಕೆ, ಮುಕ್ಕಾಲಿಗೆ, ಪೂರ್ತಿ ತುಂಬಿ ಕನಿಷ್ಠ 24 ಗಂಟೆ ಕಳೆದ ಮೇಲೆ, ಕೊನೆಗೆ ಮತ್ತೆ ಖಾಲಿ ಮಾಡಿದಾಗ ಅಳತೆ ಕಡ್ಡಾಯ. ಮೆತ್ತನೆ ನೆಲದಲ್ಲಿ ದಿನವೂ ಅಳೆಯುವುದು ಒಳ್ಳೆಯದು. ಸುತ್ತಳತೆಯ 10 ಮೀಟರಿನಲ್ಲಿ 13 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಒಟ್ಟು ಇಳಿತ 50 ಮಿಲಿಮೀಟರ್ ದಾಟಿದರೆ ನೀರು ನಿಲ್ಲಿಸಿ ಮಾಲೀಕರ ಒಪ್ಪಿಗೆ ಕೇಳಬೇಕೆಂದು ಸಂಹಿತೆ ಹೇಳುತ್ತದೆ. ಜೇಡಿ ನೆಲದಲ್ಲಿ 50 ಮಿಲಿಮೀಟರ್ ಬೇಗನೇ ದಾಟುವುದರಿಂದ ಎಲ್ಲಿಯವರೆಗೆ ಒಪ್ಪಬಹುದೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕೊಳವೆಗಳನ್ನು ಟ್ಯಾಂಕಿಗೆ ಬಿಗಿಯಾಗಿ ಜೋಡಿಸುವುದು ಪರೀಕ್ಷೆ ಮುಗಿದ ಮೇಲೆ. ಮೊದಲೇ ಜೋಡಿಸಿದರೆ ಇಳಿಯುವ ಟ್ಯಾಂಕ್ ಅವುಗಳನ್ನು ಕಿತ್ತುಹಾಕುತ್ತದೆ.

ಅಳತೆಗಳನ್ನು ಓದುವುದೂ ಒಂದು ಕಲೆಯೇ. ನಮ್ಮ ಟ್ಯಾಂಕಿನ ಉತ್ತರ ಅಂಚು 80 ಮಿಲಿಮೀಟರ್, ದಕ್ಷಿಣ ಅಂಚು 140 ಮಿಲಿಮೀಟರ್ ಇಳಿದಿದೆ ಎನ್ನೋಣ. ನಡುವಿನ ಬಿಂದುಗಳು ಕ್ರಮವಾಗಿ ಇವೆರಡರ ಮಧ್ಯೆ ಬಂದರೆ ಟ್ಯಾಂಕ್ ಒಂದು ಗಟ್ಟಿ ವಸ್ತುವಿನಂತೆ ವಾಲಿದೆ, ಅಷ್ಟೇ. 60 ಮೀಟರಿಗೆ 6 ಸೆಂಟಿಮೀಟರ್ ವಾಲಿದರೆ ಉಕ್ಕಿಗೆ ನೋವಾಗುವುದಿಲ್ಲ. ಆದರೆ ದಕ್ಷಿಣ ತುದಿಯ ಬಿಂದು 162 ತೋರಿಸುತ್ತ, ಅದರ ಎಡಬಲದ ಬಿಂದುಗಳು 139ರಲ್ಲೇ ನಿಂತಿದ್ದರೆ ಅಲ್ಲಿ ಬೇರೇನೋ ನಡೆದಿದೆ. ಆ 23 ಮಿಲಿಮೀಟರ್ ವಾಲಿದ್ದರಿಂದ ಬಂದದ್ದಲ್ಲ, ಕವಚ ಅಲ್ಲಿ ತಿರುಚಿಕೊಂಡಿದೆ. ಬುಡದ ಇಂಥ ತಿರುಚು ಕವಚದ ಮೇಲಂಚಿನಲ್ಲಿ ದೊಡ್ಡದಾಗಿ ಕಾಣಿಸಿಕೊಂಡು ವೃತ್ತ ಅಂಡಾಕಾರವಾಗುತ್ತದೆ. ತೇಲುವ ಮುಚ್ಚಳವಿರುವ ಟ್ಯಾಂಕುಗಳಲ್ಲಿ ಮುಚ್ಚಳ ಎಲ್ಲೋ ಸಿಕ್ಕಿಹಾಕಿಕೊಳ್ಳುವುದು ಇದರ ಮೊದಲ ಸೂಚನೆ. ಅಂಚಿನ ಹೊರಗಿನ ನೆಲ ಉಬ್ಬಿದರೆ ಅಥವಾ ಅಲ್ಲಿ ನೆಟ್ಟ ಗೂಟಗಳು ಹೊರಕ್ಕೆ ಸರಿದರೆ ಮಣ್ಣು ಜಾರಲು ಶುರುಮಾಡಿದೆ ಎಂದೇ ತಿಳಿದು ಆ ಕ್ಷಣವೇ ನೀರು ತಗ್ಗಿಸಬೇಕು.

ಈ ಪರೀಕ್ಷೆಯನ್ನು ಮೊಟಕುಗೊಳಿಸುವ ಆಸೆ ಎಲ್ಲ ಕಾಲಕ್ಕೂ ಇದೆ. ನೀರು ಬೇಕು, ದಿನಗಳು ಬೇಕು, ಅಷ್ಟು ಕಾಲ ಟ್ಯಾಂಕ್ ಖಾಲಿ ಬಿದ್ದಿರಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಫ್ಲೋರೆಫ್‌ನಲ್ಲಿ ಹಳೆಯ ಟ್ಯಾಂಕೊಂದನ್ನು ಬಿಚ್ಚಿ ತಂದು ಮತ್ತೆ ಕಟ್ಟಿದಾಗ ಪೂರ್ತಿ ತುಂಬಿ ನೋಡದೆ ಐದು ಅಡಿಯಷ್ಟೇ ನೀರು ನಿಲ್ಲಿಸಿದ್ದರು. 1988ರ ಜನವರಿ 2ರಂದು ಅದು ಡೀಸೆಲ್ ತುಂಬುತ್ತಿರುವಾಗಲೇ ಸೀಳಿತು. ಸುಮಾರು ಹತ್ತು ಲಕ್ಷ ಗ್ಯಾಲನ್ ಎಣ್ಣೆ ಮೊನಾಂಗಹೇಲಾ ನದಿಗೆ ಹರಿಯಿತು. ಅಲ್ಲಿ ತಪ್ಪಿದ್ದು ಮಣ್ಣಲ್ಲ, ಹಳೆಯ ಉಕ್ಕಿನಲ್ಲಿದ್ದ ದೋಷ. ಆದರೂ ಪೂರ್ತಿ ನೀರು ತುಂಬಿದ್ದರೆ ಆ ದೋಷ ನೀರಿನಲ್ಲೇ ಬಯಲಾಗುವ ಸಂಭವವಿತ್ತು.

ಹಾಗೆಂದು ನೀರಿನ ಪರೀಕ್ಷೆಯೇ ಕೊನೆಯ ಮಾತಲ್ಲ. ಅದು ಅಂದಿನ ನೆಲವನ್ನು ಮಾತ್ರ ಪರೀಕ್ಷಿಸುತ್ತದೆ. ಜೇಡಿ ಆಮೇಲೂ ವರ್ಷಗಟ್ಟಲೆ ಇಳಿಯುತ್ತದೆ. ಚರಂಡಿ, ಕೇಬಲ್, ಮೆಟ್ಟಿಲು ಎಂದು ಯಾರಾದರೂ ಅಂಚಿನ ಬಳಿ ಗುಂಡಿ ತೋಡಿದರೆ ಹಳೆಯ ಅಳತೆಗಳೆಲ್ಲ ವ್ಯರ್ಥ. ಟ್ಯಾಂಕಿನ ಬುಡದಲ್ಲಿ ಅಗೆಯಬೇಕಾದಾಗ ಮೊದಲು ದ್ರವ ಇಳಿಸಬೇಕು, ತುಂಬಿದ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ ಗಟ್ಟಿತನ ಅಳೆಯಬೇಕು, ಮತ್ತೆ ತುಂಬುವಾಗ ಹೊಸ ಟ್ಯಾಂಕಿನಂತೆಯೇ ಹಂತಹಂತವಾಗಿ ಮಟ್ಟ ನೋಡಬೇಕು. ಇದನ್ನು ಗುತ್ತಿಗೆದಾರನ ವಿವೇಕಕ್ಕೆ ಬಿಡದೆ ಸಂಸ್ಥೆಯ ಲಿಖಿತ ನಿಯಮವಾಗಿಯೇ ಮಾಡಬೇಕು.

ಮಿಜುಶಿಮಾದ ಮರುವರ್ಷ, 1975ರಲ್ಲಿ, ಜಪಾನ್ ಪೆಟ್ರೋಲಿಯಂ ಕೈಗಾರಿಕಾ ಪ್ರದೇಶಗಳ ದುರಂತ ತಡೆಗೆ ಪ್ರತ್ಯೇಕ ಕಾಯ್ದೆ ಮಾಡಿತು. ಅಗ್ನಿಶಾಮಕ ಕಾಯ್ದೆಯ ನಿಯಮಗಳೂ ಬಿಗಿಯಾದವು. ಟ್ಯಾಂಕಿನ ಅಸಮ ಇಳಿತ ಅದರ ವ್ಯಾಸದ ನೂರನೇ ಒಂದು ಭಾಗವನ್ನು ಮುಟ್ಟಿದರೆ ನಿಗದಿತ ಅವಧಿಗೆ ಕಾಯದೆ ತಪಾಸಣೆಗೆ ಒಳಪಡಿಸುವುದು ಅಲ್ಲೀಗ ಕಡ್ಡಾಯ.